ಬಾಗಿದರೆ ಎದೆ, ನೆಟ್ಟಗಾದರೆ ತೋಳು

ನಮ್ಮ ಕಡೆ ಯಾರಿಗಾದರೂ ‘ಡಿಪ್ಸ್ ಹೊಡಿ’ ಅಂದರೆ ಅವರು ನೆಲಕ್ಕೆ ಕೈಯೂರಿ ಪುಷ್‌ಅಪ್ ಶುರು ಮಾಡುತ್ತಾರೆ. ಗರಡಿಮನೆಯ ದಂಡ, ಶಾಲೆಯ ಡ್ರಿಲ್ ಮೇಷ್ಟ್ರು ಹೊಡೆಸುತ್ತಿದ್ದ ಪುಷ್‌ಅಪ್ ಎರಡಕ್ಕೂ ಆ ಹೆಸರು ಎಂದೋ ಅಂಟಿಕೊಂಡಿದೆ. ಈ ಲೇಖನದ ಡಿಪ್ಸ್ ಅದಲ್ಲ. ಪಕ್ಕಪಕ್ಕದ ಎರಡು ಕಬ್ಬಿಣದ ಬಾರ್‌ಗಳ ನಡುವೆ ಕೈಗಳ ಮೇಲೆ ಇಡೀ ಮೈಯನ್ನು ನಿಲ್ಲಿಸಿ, ಮೊಣಕೈ ಮಡಚಿ ಇಳಿದು ಮತ್ತೆ ಏಳುವ ಪ್ಯಾರಲಲ್ ಬಾರ್ ಡಿಪ್ಸ್. ಈಗ ಎಷ್ಟೋ ಪಾರ್ಕುಗಳಲ್ಲಿ ಈ ಬಾರ್ ಇದೆ, ಎಲ್ಲ ಜಿಮ್ಮುಗಳಲ್ಲೂ ಇದೆ.

ನನ್ನ ತಂಗಿಯ ಮಗ ಮೂರು ತಿಂಗಳಿಂದ ಇದನ್ನು ಮಾಡುತ್ತಿದ್ದ. ಒಂದು ಭಾನುವಾರ ಮನೆಗೆ ಬಂದವನು ಎರಡು ದೂರು ಇಟ್ಟ.

“ಮಾವ, ಎದೆ ಅಗಲ ಆಗ್ಲಿ ಅಂತ ಡಿಪ್ಸ್ ಮಾಡ್ತಾ ಇದೀನಿ. ಮಾರನೇ ದಿನ ನೋಯೋದು ಮಾತ್ರ ತೋಳಿನ ಹಿಂದೆ. ಎದೆಗೆ ಏನೂ ಆಗಲ್ಲ. ಮೇಲಾಗಿ ಭುಜದ ಮುಂದೆ ಇಲ್ಲಿ ಚುಚ್ಚುತ್ತೆ.”

“ಹೇಗ್ ಮಾಡ್ತೀಯೋ?”

“ಸರಿಯಾಗೇ ಮಾಡ್ತೀನಿ. ನೆಟ್ಟಗೆ, ಕನ್ನಡಿ ನೋಡ್ಕೊಂಡು.”

ಎರಡೂ ದೂರಿಗೆ ಕಾರಣ ಅವನ ಆ ಕೊನೆಯ ಮಾತಿನಲ್ಲೇ ಇತ್ತು. ಜಿಮ್ಮಿಗೆ ಹೋಗುವ ಯಾರನ್ನು ಕೇಳಿದರೂ ‘ಮುಂದಕ್ಕೆ ಬಾಗಿದರೆ ಎದೆಗೆ, ನೆಟ್ಟಗಿದ್ದರೆ ಟ್ರೈಸೆಪ್ಸ್‌ಗೆ’ ಅನ್ನುತ್ತಾರೆ. ಮಾತು ನಿಜ. ಯಾಕೆ ನಿಜ, ಎಷ್ಟರಮಟ್ಟಿಗೆ ನಿಜ ಅನ್ನುವುದು ಗೊತ್ತಿಲ್ಲದಿದ್ದರೆ ಬಾಗುವ ಜಾಗದಲ್ಲಿ ಕತ್ತನ್ನಷ್ಟೇ ಬಾಗಿಸಿ, ನೆಟ್ಟಗಿರುವ ಹಟದಲ್ಲಿ ಭುಜ ಕೆಡಿಸಿಕೊಳ್ಳುತ್ತೇವೆ.

ಗಾರೆಯವನ ಗುಂಡು

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ಡಿಪ್ಸ್ ಅರ್ಥವಾಗಬೇಕಾದರೆ ಅಂಥದೇ ಒಂದು ದಾರ ಬೇಕು. ಬಾರ್ ಹಿಡಿದವನನ್ನು ಪಕ್ಕದಿಂದ ನೋಡುತ್ತ, ಅವನ ಅಂಗೈ ಮೂಲಕ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಹಾದುಹೋಗಿದೆ ಎಂದುಕೊಳ್ಳಿ.

ಆ ಗೆರೆ ಯಾಕೆಂದರೆ, ಡಿಪ್ಸ್ ಮಾಡುವಾಗ ಮೈಗೆ ಆಸರೆ ಅಂಗೈ ಒಂದೇ. ಕಾಲು ನೆಲಕ್ಕೆ ತಾಗುವುದಿಲ್ಲ, ಬೆನ್ನಿಗೆ ಒರಗಿಲ್ಲ. ಹಾಗಾಗಿ ಇಡೀ ಮೈಯ ತೂಕದ ನಡುಬಿಂದು ಆ ಗೆರೆಯ ಮೇಲೆಯೇ ಇರಬೇಕು. ಗೆರೆಗಿಂತ ಮುಂದೆ ಹೋದರೆ ಮೈ ಮುಂದಕ್ಕೆ ತೂಗುತ್ತದೆ, ಹಿಂದೆ ಹೋದರೆ ಹಿಂದಕ್ಕೆ. ಮೈಯ ಒಂದು ಭಾಗ ಗೆರೆಯಿಂದ ಮುಂದಕ್ಕೆ ಹೋಗಬೇಕಾದರೆ ಇನ್ನೊಂದು ಭಾಗ ಹಿಂದಕ್ಕೆ ಹೋಗಲೇಬೇಕು. ನಿಂತುಕೊಂಡು ಬಗ್ಗಿ ಕಾಲ ಹೆಬ್ಬೆರಳು ಮುಟ್ಟುವಾಗ ಸೊಂಟ ತಾನಾಗಿ ಹಿಂದಕ್ಕೆ ಸರಿಯುವುದು ಇದೇ ಕಾರಣಕ್ಕೆ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹಾಗೆ ಬಗ್ಗಲು ನೋಡಿ, ಮುಗ್ಗರಿಸುತ್ತೀರಿ.

ಈಗ ಡಿಪ್ಸಿನ ಕೆಳಗಿನ ಹಂತವನ್ನು ನೋಡೋಣ. ಇಳಿದು ನಿಂತಾಗ ಭುಜದಿಂದ ಮೊಣಕೈವರೆಗಿನ ರಟ್ಟೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಅಡ್ಡ ಬಂದಿರುತ್ತದೆ. ಮುಂದಿನ ತುದಿಯಲ್ಲಿ ಭುಜ, ಹಿಂದಿನ ತುದಿಯಲ್ಲಿ ಮೊಣಕೈ. ಅಂಗೈಯ ಗೆರೆ ಇವೆರಡರ ನಡುವೆ ರಟ್ಟೆಯನ್ನು ಎಲ್ಲೋ ಒಂದು ಕಡೆ ಕತ್ತರಿಸುತ್ತದೆ. ಈ ಲೇಖನದ ಇಡೀ ವಿಷಯ ಆ ಕತ್ತರಿಸುವ ಜಾಗದ ಮೇಲೆ ನಿಂತಿದೆ.

ನೀರು ತುಂಬಿದ ಬಕೆಟ್ಟನ್ನು ಮೈಗೆ ತಾಗಿಸಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭಾರ. ಬಕೆಟ್ಟಿನ ತೂಕ ಬದಲಾಗಿಲ್ಲ, ಭುಜದಿಂದ ಅದಕ್ಕಿರುವ ದೂರ ಬದಲಾಗಿದೆ. ಡಿಪ್ಸಿನಲ್ಲೂ ಅಷ್ಟೆ. ಗೆರೆಯಿಂದ ಭುಜ ಎಷ್ಟು ದೂರ ಮುಂದಿದೆಯೋ ಅಷ್ಟು ಕೆಲಸ ಭುಜದ ಕೀಲಿಗೆ, ಅಂದರೆ ರಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ತರುವ ಎದೆಯ ಸ್ನಾಯುವಿಗೆ ಮತ್ತು ಭುಜದ ಮುಂಭಾಗದ ಸ್ನಾಯುವಿಗೆ. ಗೆರೆಯಿಂದ ಮೊಣಕೈ ಎಷ್ಟು ದೂರ ಹಿಂದಿದೆಯೋ ಅಷ್ಟು ಕೆಲಸ ಮೊಣಕೈ ಬಿಡಿಸುವ ಟ್ರೈಸೆಪ್ಸ್‌ಗೆ. ರಟ್ಟೆಯ ಉದ್ದ ಬೆಳೆಯುವುದಿಲ್ಲ, ಕುಗ್ಗುವುದಿಲ್ಲ. ಒಬ್ಬರ ಪಾಲು ಹೆಚ್ಚಿದರೆ ಇನ್ನೊಬ್ಬರದು ಕಡಿಮೆಯಾಗಲೇಬೇಕು. ಅಣ್ಣತಮ್ಮಂದಿರ ನಡುವೆ ಹೊಲ ಹಂಚುವಾಗ ಬದು ಅತ್ತ ಸರಿದರೆ ಇತ್ತ ಜಾಗ ಆಗುವ ಹಾಗೆ.

ಅಳತೆಪಟ್ಟಿ ಹಿಡಿದು

ಸೋದರಳಿಯನನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಬಾರಿನ ಎತ್ತರಕ್ಕೆ ಸಮನಾಗಿ ಪಕ್ಕದಿಂದ ಫೋನ್ ಹಿಡಿದು ವಿಡಿಯೊ ಮಾಡಿದೆ. ಕೆಳಗೆ ಇಳಿದ ಗಳಿಗೆಯಲ್ಲಿ ನಿಲ್ಲಿಸಿ, ಪರದೆಯ ಮೇಲೆ ಅಂಗೈಯಿಂದ ನೇರಕ್ಕೆ ಒಂದು ಸ್ಕೇಲು ಇಟ್ಟು ನೋಡಿದೆವು. ಹುಡುಗನ ತೂಕ 70 ಕೆ.ಜಿ., ಎತ್ತರ 170 ಸೆಂ.ಮೀ. ರಟ್ಟೆಯ ಉದ್ದ 30 ಸೆಂ.ಮೀ., ಮೊಣಕೈಯಿಂದ ಮಣಿಕಟ್ಟಿಗೆ 25 ಸೆಂ.ಮೀ. ತೂಕ ಎರಡು ಕೈಗೆ ಹಂಚಿದರೆ ಒಂದೊಂದು ಕೈಗೆ 35 ಕೆ.ಜಿ.

ಅವನ ‘ನೆಟ್ಟಗಿನ’ ಡಿಪ್ಸಿನಲ್ಲಿ ಮೊಣಕೈ ಗೆರೆಗಿಂತ ಸುಮಾರು 13 ಸೆಂ.ಮೀ. ಹಿಂದೆ ಇತ್ತು, ಭುಜ 17 ಸೆಂ.ಮೀ. ಮುಂದೆ. ಕೈಯ ಸ್ವಂತ ತೂಕವನ್ನು ಬಿಟ್ಟು ಸರಳವಾಗಿ ಗುಣಿಸಿದರೆ, ಒಂದು ಮೊಣಕೈಯ ಪಾಲು 35 × 13 = 455, ಒಂದು ಭುಜದ ಪಾಲು 35 × 17 = 595. ಇವು ಕೆ.ಜಿ.ಯನ್ನು ಸೆಂಟಿಮೀಟರಿನಿಂದ ಗುಣಿಸಿದ ಅಂಕಿಗಳು, ಹೋಲಿಸಿ ನೋಡಲು ಇಷ್ಟು ಸಾಕು.

ಆಮೇಲೆ ಮುಂದಕ್ಕೆ ಬಾಗಿಸಿ ಮಾಡಿಸಿದೆ. ಮೊಣಕೈ ಬಹುತೇಕ ಅಂಗೈಯ ಮೇಲೆಯೇ ನಿಂತಿತು, ಹಿಂದೆ ಸರಿದದ್ದು 5 ಸೆಂ.ಮೀ. ಅಷ್ಟೆ. ಭುಜ 25 ಸೆಂ.ಮೀ. ಮುಂದೆ ಬಂತು. ಈಗ ಮೊಣಕೈಯ ಪಾಲು 35 × 5 = 175, ಭುಜದ ಪಾಲು 35 × 25 = 875. ಎದೆ-ಭುಜದ ಕೆಲಸ ಸುಮಾರು ಒಂದೂವರೆ ಪಟ್ಟಾಯಿತು, ಮೊಣಕೈಯದು ಅರ್ಧಕ್ಕಿಂತ ಕಡಿಮೆಯಾಯಿತು. ಅದೇ ಬಾರ್, ಅದೇ ತೂಕ, ಅಷ್ಟೇ ಆಳ. ಬದು ಸರಿದದ್ದು 8 ಸೆಂಟಿಮೀಟರು.

ಈ ಲೆಕ್ಕವನ್ನು ಹುಡುಗನಿಗೆ ಹೇಳಿದಾಗ ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ. “ಹಾಗಾದ್ರೆ ನೆಟ್ಟಗಿದ್ದಾಗಲೂ ಭುಜದ ಪಾಲೇ ಜಾಸ್ತಿ ಇದೆಯಲ್ಲ ಮಾವ? 595, 455. ಪೂರ್ತಿ ಟ್ರೈಸೆಪ್ಸ್‌ಗೇ ಹಾಕೋಕಾಗಲ್ವಾ?”

ಆಗುವುದಿಲ್ಲ. ಅಡ್ಡ ಬರುವುದು ಮಣಿಕಟ್ಟು. ಬಾರ್ ಹಿಡಿದ ಅಂಗೈ ಅಲ್ಲಾಡುವಂತಿಲ್ಲ. ಮೊಣಕೈ ಹಿಂದಕ್ಕೆ ಹೋಗಬೇಕಾದರೆ ಮುಂಗೈ ಹಿಂದಕ್ಕೆ ವಾಲಬೇಕು, ಆಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಮುರಿದಂತೆ ಬಾಗುತ್ತದೆ. ಆ ದಿಕ್ಕಿಗೆ ಮಣಿಕಟ್ಟು ಬಾಗುವುದೇ ಸುಮಾರು 30 ಡಿಗ್ರಿ. 25 ಸೆಂ.ಮೀ. ಉದ್ದದ ಮುಂಗೈ 30 ಡಿಗ್ರಿ ವಾಲಿದರೆ ಮೊಣಕೈ ಹಿಂದೆ ಸರಿಯುವುದು 12–13 ಸೆಂ.ಮೀ. ಅಷ್ಟೆ. ಹುಡುಗ ಆಗಲೇ ಆ ಮಿತಿ ಮುಟ್ಟಿದ್ದ. ಉಳಿದ 17 ಸೆಂ.ಮೀ. ಬೇಡವೆಂದರೂ ಭುಜದ ಪಾಲೇ. ಆದ್ದರಿಂದ ಪೂರ್ತಿ ನೆಟ್ಟಗಿನ ಡಿಪ್ಸ್ ಎಂಬುದು ಆಳಕ್ಕೆ ಇಳಿದಾಗ ಇರುವುದೇ ಇಲ್ಲ. ನೆಟ್ಟಗಿದ್ದೇನೆ ಅಂದುಕೊಂಡವನೂ ಕೆಳಗೆ ಹೋದಾಗ 20–25 ಡಿಗ್ರಿ ಮುಂದಕ್ಕೆ ಬಾಗಿರುತ್ತಾನೆ, ಬಾಗದಿದ್ದರೆ ತೂಕ ಗೆರೆಯ ಮೇಲೆ ನಿಲ್ಲುವುದಿಲ್ಲ. ಹುಡುಗನಿಗೆ ವಿಡಿಯೊದಲ್ಲಿ ತನ್ನ ಬೆನ್ನು ನೋಡಿ ಆಶ್ಚರ್ಯವಾದದ್ದು ಇದಕ್ಕೇ.

ಇನ್ನೊಂದು ಬದಿಯ ಮಾತೂ ಇದೆ. ಬಾಗಿದಾಗ ಮೊಣಕೈಯ ಪಾಲು 175ಕ್ಕೆ ಇಳಿಯಿತು ಎಂದ ಮಾತ್ರಕ್ಕೆ ಟ್ರೈಸೆಪ್ಸ್ ಕೈಕಟ್ಟಿ ಕೂರುವುದಿಲ್ಲ. ಮೇಲೇಳುವಾಗ ಮೊಣಕೈ ಬಿಚ್ಚಲೇಬೇಕು, ಅಲುಗದಂತೆ ಹಿಡಿದಿಡಲೂ ಅದು ಬಿಗಿಯಾಗಿರಬೇಕು. ಲೆಕ್ಕ ತೋರಿಸುವುದು ಕೀಲುಗಳ ಹೊರೆಯನ್ನು, ಆ ಹೊರೆಯನ್ನು ಸ್ನಾಯುಗಳು ತಮ್ಮ ತಮ್ಮಲ್ಲೇ ಇನ್ನಷ್ಟು ಹಂಚಿಕೊಳ್ಳುತ್ತವೆ. ಡಿಪ್ಸಿನಲ್ಲಿ ಎದೆ, ಟ್ರೈಸೆಪ್ಸ್ ಎರಡೂ ಯಾವಾಗಲೂ ದುಡಿಯುತ್ತವೆ. ಬಾಗುವುದು, ನೆಟ್ಟಗಾಗುವುದು ಅಂದರೆ ದೀಪದ ಸ್ವಿಚ್ ಹಾಕಿ ಆರಿಸಿದಂತಲ್ಲ, ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಂತೆ.

ಕಾಲು ಎಲ್ಲಿದ್ದರೆ ಮೈ ಅಲ್ಲಿ

ಬಾಗು ಅಂದ ಕೂಡಲೇ ಹುಡುಗ ಮಾಡಿದ್ದು ಗದ್ದವನ್ನು ಎದೆಗೆ ಒತ್ತಿದ್ದು. ಬೆನ್ನು ಇದ್ದಲ್ಲೇ ಇತ್ತು. ಹೆಚ್ಚಿನವರ ಬಾಗುವಿಕೆ ಇಷ್ಟೇ. ಭುಜ ಮುಂದೆ ಬರಬೇಕಾದರೆ ಅದಕ್ಕೆ ಸಮನಾಗಿ ಹಿಂದಕ್ಕೆ ಏನಾದರೂ ಹೋಗಬೇಕು, ಹೋಗಬಲ್ಲದ್ದು ಸೊಂಟ ಮತ್ತು ಕಾಲು.

ಹಾಗಾಗಿ ಎದೆಗೆ ಮಾಡುವವರು ಮೇಲೆ ಕೈ ನೆಟ್ಟಗೆ ಮಾಡಿ ನಿಂತಾಗಲೇ ಮೊಣಕಾಲು ಮಡಚಿ ಪಾದಗಳನ್ನು ಹಿಂದಕ್ಕೆ ಒಯ್ದು ಒಂದರ ಮೇಲೊಂದು ಹಾಕಿಕೊಳ್ಳಬೇಕು. ಕಾಲಿನ ತೂಕ ಹಿಂದೆ ಹೋದ ಕೂಡಲೇ ಎದೆ ತಾನಾಗಿ ಮುಂದಕ್ಕೆ ಬರುತ್ತದೆ. ಕಣ್ಣು ಒಂದು ಒಂದೂವರೆ ಮೀಟರ್ ಮುಂದಿನ ನೆಲದ ಮೇಲಿರಲಿ. ಇಳಿಯುವಾಗ ‘ಕೆಳಕ್ಕೆ’ ಎಂದುಕೊಳ್ಳದೆ ‘ಮುಂದಕ್ಕೆ ಮತ್ತು ಕೆಳಕ್ಕೆ’ ಎಂದುಕೊಳ್ಳಿ, ಮೂಗು ಅಂಗೈಗಳಿಗಿಂತ ಸಾಕಷ್ಟು ಮುಂದೆ ಹೋಗಬೇಕು. ಮೊಣಕೈ ಪಕ್ಕೆಗೆ ಅಂಟಿಕೊಂಡಿರದೆ ಸ್ವಲ್ಪ ಹೊರಕ್ಕೆ ತೆರೆದಿರಲಿ. ಬೆನ್ನು 35 ಡಿಗ್ರಿಯ ಸುಮಾರಿಗೆ ಬಾಗಿದರೆ ಸಾಕು. ಮುಂಗೈ ಪಕ್ಕದಿಂದ ನೋಡಿದಾಗ ಕಂಬದಂತೆ ನೆಟ್ಟಗೆ ಕಂಡರೆ ಸರಿಯಾಗಿದೆ ಎಂದರ್ಥ. ಮೈಯ ಬಾಗುವಿಕೆಗಿಂತ ಮುಂಗೈಯ ನೇರವೇ ಹೆಚ್ಚು ನಂಬಿಕೆಯ ಗುರುತು.

ಟ್ರೈಸೆಪ್ಸ್‌ಗೆ ಮಾಡುವವರು ಇದನ್ನೆಲ್ಲ ತಿರುಗಿಸಬೇಕು. ಕಾಲು ನೇರ ಕೆಳಗೆ, ಪಾದ ಮೈಗಿಂತ ಒಂದಿಷ್ಟು ಮುಂದೆ. ಕಣ್ಣು ಎದುರಿಗೆ. ಮೊಣಕೈ ಹೊರಕ್ಕೆ ಹೋಗದೆ ನೇರ ಹಿಂದಕ್ಕೆ ಸರಿಯಬೇಕು, ಆಗ ಮುಂಗೈ ಹಿಂದಕ್ಕೆ ವಾಲುತ್ತದೆ ಮತ್ತು ಭಾರ ಅಂಗೈಯ ಹಿಂಭಾಗಕ್ಕೆ, ಕಿರುಬೆರಳಿನ ಬುಡದ ಕಡೆಗೆ ಬಂದಂತೆ ಅನ್ನಿಸುತ್ತದೆ. ಇಳಿಯುವ ಆಳವನ್ನು ಇಲ್ಲಿ ಕಡಿಮೆ ಮಾಡಬೇಕು. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಟ್ರೈಸೆಪ್ಸ್ ಬಗ್ಗೆ ಒಂದು ಸಣ್ಣ ಮಾತು. ಅದಕ್ಕೆ ಮೂರು ತಲೆ. ಎರಡು ರಟ್ಟೆಯ ಮೂಳೆಯಿಂದ ಹೊರಡುತ್ತವೆ, ಉದ್ದ ತಲೆ ಮಾತ್ರ ಹೆಗಲ ಹಲಗೆಯಿಂದ ಹೊರಟು ಭುಜದ ಕೀಲನ್ನೂ ದಾಟುತ್ತದೆ. ಡಿಪ್ಸಿನಲ್ಲಿ ರಟ್ಟೆ ಹಿಂದೆ ಇರುವುದರಿಂದ ಆ ಉದ್ದ ತಲೆ ಭುಜದ ಕಡೆಯಲ್ಲಿ ಸಡಿಲಗೊಂಡಿರುತ್ತದೆ, ಸಡಿಲ ಹಗ್ಗ ಜೋರಾಗಿ ಎಳೆಯಲಾರದು. ದೊಡ್ಡ ಪಾಲು ಉಳಿದೆರಡಕ್ಕೆ. ಡಿಪ್ಸ್ ಎಷ್ಟೇ ನೆಟ್ಟಗೆ ಮಾಡಿದರೂ ತೋಳಿನ ಹಿಂಬದಿ ಪೂರ್ತಿ ತುಂಬಿಕೊಳ್ಳದವರು ಕೈ ತಲೆಯ ಮೇಲೆತ್ತಿ ಮೊಣಕೈ ಬಿಡಿಸುವ ಕಸರತ್ತನ್ನು ಸೇರಿಸಿಕೊಳ್ಳುವುದು ಇದಕ್ಕೆ.

ಗೆರೆಯ ನಿಯಮಕ್ಕೆ ಒಂದು ಷರತ್ತಿದೆ, ಆಸರೆ ಅಂಗೈ ಒಂದೇ ಆಗಿರಬೇಕು. ಜಿಮ್ಮುಗಳಲ್ಲಿ ಮೊಣಕಾಲಿಗೆ ದಿಂಬು ಕೊಟ್ಟು ತೂಕ ಇಳಿಸುವ ಯಂತ್ರವಿರುತ್ತದೆ. ಮನೆಯಲ್ಲಿ ಕಲಿಯುವವರು ಪಾದದ ಕೆಳಗೆ ಸ್ಟೂಲ್ ಇಡುತ್ತಾರೆ. ಆಗ ಎರಡನೆಯ ಆಸರೆ ಬಂತು, ಮೈ ಗೆರೆಯ ಮೇಲೆ ನಿಲ್ಲಬೇಕಾದ ಒತ್ತಾಯ ಹೋಯಿತು. ಅಲ್ಲಿ ಬೆಂಡಾಗದೆ ನೆಟ್ಟಗೆ ಇಳಿಯಲು ಕಲಿತವರು ಬರಿಯ ಬಾರಿಗೆ ಬಂದ ದಿನ ತೂಗಾಡುತ್ತಾರೆ. ಅದು ಬಲ ಸಾಲದೆ ಆಗುವುದಲ್ಲ, ಮೈ ಗೆರೆಯನ್ನು ಹುಡುಕುತ್ತಿರುತ್ತದೆ.

ಬಾರಿನ ಮೇಲಿನ ಜಗಳ

ಈ ಬಾರ್ ಹುಟ್ಟಿದ್ದು ಜರ್ಮನಿಯಲ್ಲಿ. ಫ್ರೀಡ್ರಿಶ್ ಲುಡ್ವಿಗ್ ಯಾನ್ ಎಂಬ ಮೇಷ್ಟ್ರು 1811ರಲ್ಲಿ ಬರ್ಲಿನ್ನಿನ ಹಾಸೆನ್‌ಹೈಡೆ ಎಂಬಲ್ಲಿ ಬಯಲು ವ್ಯಾಯಾಮಶಾಲೆ ತೆರೆದರು. ಅಲ್ಲಿ ಕುದುರೆಯಾಕಾರದ ದಿಮ್ಮಿಯ ಮೇಲೆ ಕಸರತ್ತು ಮಾಡುವ ಹುಡುಗರ ತೋಳಿಗೆ ಬಲ ಸಾಲದೆಂದು ಜೋಡಿ ಬಾರ್ ಬಳಕೆಗೆ ಬಂತು. ಮುಂದೆ ಜಿಮ್ನಾಸ್ಟಿಕ್ಸಿನಲ್ಲಿ ಅದೇ ಸ್ವತಂತ್ರ ಸ್ಪರ್ಧೆಯಾಯಿತು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಬರ್ಲಿನ್ನಿನ ಸರ್ಕಾರಿ ವ್ಯಾಯಾಮ ಸಂಸ್ಥೆಯನ್ನು ನಡೆಸುತ್ತಿದ್ದ ಹ್ಯೂಗೊ ರೋಟ್‌ಸ್ಟೈನ್ ಸ್ವೀಡನ್ನಿನ ಪದ್ಧತಿಯನ್ನು ಮೆಚ್ಚಿದವರು. ಬಾರ್ ದೇಹಕ್ಕೆ ಒಳ್ಳೆಯದಲ್ಲ ಎಂದು ಅವರು ಅದನ್ನು ಪಾಠದಿಂದ ತೆಗೆಸಲು ಹೊರಟರು. ಹೆಸರಾಂತ ಶರೀರಶಾಸ್ತ್ರಜ್ಞ ಎಮಿಲ್ ಡು ಬೋಯಿಸ್-ರೇಮಂಡ್ ಬಾರಿನ ಪರ ನಿಂತು 1862ರಲ್ಲಿ ಬರೆದರು. ಇತಿಹಾಸದಲ್ಲಿ ಇದಕ್ಕೆ ‘ಬಾರ್ ಜಗಳ’ ಎಂದೇ ಹೆಸರು. ಕೊನೆಗೆ ವೈದ್ಯಕೀಯ ಅಭಿಪ್ರಾಯ ಬಾರಿನ ಪರವಾಗಿ ಬಂದು ಅದು ಉಳಿದುಕೊಂಡಿತು.

ಡಿಪ್ಸ್ ಭುಜ ಕೆಡಿಸುತ್ತದೆಯೇ ಎಂಬ ವಾದ ಜಿಮ್ಮುಗಳಲ್ಲಿ ಇವತ್ತೂ ನಿಂತಿಲ್ಲ. ನನ್ನ ಸೋದರಳಿಯನ ಎರಡನೆಯ ದೂರು ಅದೇ. ಅದರ ಉತ್ತರವೂ ಬಾಗುವುದರಲ್ಲೇ ಇದೆ, ಆದರೆ ನಾವು ಅಂದುಕೊಳ್ಳುವುದಕ್ಕೆ ತದ್ವಿರುದ್ಧವಾಗಿ.

ನೆಟ್ಟಗಿದ್ದರೆ ಭುಜಕ್ಕೆ ಸುಖವೆಂಬ ಭ್ರಮೆ

ನೆಟ್ಟಗೆ ನಿಂತು ಕೈಯನ್ನು ಮಡಚದೆ ಹಿಂದಕ್ಕೆ ಎತ್ತಿ ನೋಡಿ. 50–60 ಡಿಗ್ರಿಗೆ ಅದು ನಿಂತುಬಿಡುತ್ತದೆ. ಇನ್ನೂ ಎತ್ತಲು ಹೋದರೆ ಮೈ ಮುಂದಕ್ಕೆ ಬಾಗುತ್ತದೆ, ಇಲ್ಲವೇ ಭುಜ ಮುಂದಕ್ಕೆ ಹೊರಳುತ್ತದೆ. ಭುಜದ ಕೀಲು ಹಿಂದಕ್ಕೆ ಕೊಡುವ ಜಾಗ ಅಷ್ಟೇ.

ಡಿಪ್ಸಿನಲ್ಲಿ ರಟ್ಟೆ ನೆಲಕ್ಕೆ ಸಮನಾಗುವಷ್ಟು ಇಳಿದಾಗ, ಬೆನ್ನು ಕಂಬದಂತೆ ನೆಟ್ಟಗಿದ್ದಿದ್ದರೆ ರಟ್ಟೆ ಮೈಯಿಂದ 90 ಡಿಗ್ರಿ ಹಿಂದೆ ಹೋಗಿರಬೇಕಿತ್ತು. ಸೋದರಳಿಯನ ಬೆನ್ನು ಸುಮಾರು 23 ಡಿಗ್ರಿ ಬಾಗಿತ್ತು, ಹಾಗಾಗಿ ರಟ್ಟೆ 67 ಡಿಗ್ರಿ ಹಿಂದೆ ಇತ್ತು. ಕೀಲು ಕೊಡುವುದಕ್ಕಿಂತ ಹೆಚ್ಚು ಕೇಳಿದಂತಾಯಿತು. ಉಳಿದದ್ದನ್ನು ತುಂಬಿಕೊಡಲು ಹೆಗಲ ಹಲಗೆ ಮುಂದಕ್ಕೆ ವಾಲುತ್ತದೆ, ರಟ್ಟೆಮೂಳೆಯ ತಲೆ ಕೀಲಿನ ಮುಂಭಾಗದ ಪೊರೆಯನ್ನು ಒತ್ತುತ್ತದೆ. ಹುಡುಗ ಬೆರಳಿಟ್ಟು ತೋರಿಸಿದ ಚುಚ್ಚು ಆ ಜಾಗದ್ದೇ. ಅದೇ ಆಳದಲ್ಲಿ ಬೆನ್ನು 35 ಡಿಗ್ರಿ ಬಾಗಿದರೆ ರಟ್ಟೆ ಮೈಯಿಂದ 55 ಡಿಗ್ರಿ ಮಾತ್ರ ಹಿಂದಿರುತ್ತದೆ, ಕೀಲಿನ ಮಿತಿಯೊಳಗೆ.

ನೆಟ್ಟಗಿರುವುದು ಶಿಸ್ತಿನ ಭಂಗಿ, ಬಾಗುವುದು ಭುಜಕ್ಕೆ ಅಪಾಯ ಎಂದು ನಾವು ನಂಬಿರುತ್ತೇವೆ. ಒಂದೇ ಆಳದಲ್ಲಿ ಹೋಲಿಸಿದರೆ ಕೀಲಿನ ಕೋನಕ್ಕೆ ಬಾಗುವುದೇ ಸುಖ. ಬಾಗಿದಾಗ ಸ್ನಾಯುವಿಗೆ ಹೊರೆ ಹೆಚ್ಚು, ಕೀಲಿಗೆ ತಿರುಚು ಕಡಿಮೆ. ನೆಟ್ಟಗಿದ್ದಾಗ ಸ್ನಾಯುವಿಗೆ ಹೊರೆ ಕಡಿಮೆ, ಕೀಲಿಗೆ ತಿರುಚು ಹೆಚ್ಚು. ಹಾಗಾಗಿ ಟ್ರೈಸೆಪ್ಸ್‌ಗೆಂದು ನೆಟ್ಟಗೆ ಮಾಡುವವರು ರಟ್ಟೆ ನೆಲಕ್ಕೆ ಸಮನಾಗುವ ಮೊದಲೇ, ಮೊಣಕೈ ಭುಜಕ್ಕಿಂತ ಒಂದು ಗೇಣು ಕೆಳಗಿರುವಾಗಲೇ ನಿಂತು ಮೇಲೇಳಬೇಕು. ಅಲ್ಲಿ ಅವರು ಕಳೆದುಕೊಳ್ಳುವುದೇನೂ ಇಲ್ಲ. ಅದಕ್ಕಿಂತ ಕೆಳಗೆ ಮೊಣಕೈ ಇನ್ನಷ್ಟು ಹಿಂದೆ ಹೋಗಲು ಮಣಿಕಟ್ಟು ಬಿಡುವುದಿಲ್ಲವಲ್ಲ, ಹೆಚ್ಚುವರಿ ಆಳದ ಹೊರೆಯೆಲ್ಲ ಭುಜಕ್ಕೇ ಹೋಗುತ್ತದೆ.

ಬೆಂಚಿನ ಅಂಚಿಗೆ ಬೆನ್ನು ಮಾಡಿ, ಕೈಗಳನ್ನು ಹಿಂದಿಟ್ಟು, ಕಾಲು ಮುಂದೆ ಚಾಚಿ ಮಾಡುವ ‘ಬೆಂಚ್ ಡಿಪ್ಸ್’ ಹೊಸಬರಿಗೆ ಸುಲಭವೆಂದು ಮೊದಲು ಹೇಳಿಕೊಡುತ್ತಾರೆ. ತೂಕ ಕಡಿಮೆ ನಿಜ. ಆದರೆ ಬೆನ್ನು ಬೆಂಚಿಗೆ ತಾಗಿ ನೆಟ್ಟಗೇ ಇರುವುದರಿಂದ ಬಾಗಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ರಟ್ಟೆ ಅತಿ ಹೆಚ್ಚು ಹಿಂದಕ್ಕೆ ಹೋಗುವುದು ಅದರಲ್ಲಿ. ಭುಜ ನೋಯುವವರು ಮೊದಲು ಬಿಡಬೇಕಾದ್ದೂ ಅದನ್ನೇ.

ಬಾಗುವ ಡಿಪ್ಸಿಗೂ ತನ್ನದೇ ಎಚ್ಚರಿಕೆ ಇದೆ. ಎದೆಯ ನಡುಮೂಳೆಗೆ ಪಕ್ಕೆಲುಬು ಕೂಡುವ ಜಾಗದಲ್ಲಿ ನೋವು ಬಂದರೆ ಹೊರೆ ಬೇಗ ಏರಿಸಿದಿರಿ ಎಂದರ್ಥ. ಅದು ಸ್ನಾಯುವಿನ ನೋವಿನಂತೆ ಎರಡು ದಿನದಲ್ಲಿ ಹೋಗುವುದಿಲ್ಲ, ಒಂದು ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ ನೋವು. ಕೆಲವು ವಾರ ಬಿಟ್ಟು, ಆಳ ಕಡಿಮೆ ಮಾಡಿ ಮತ್ತೆ ಶುರು ಮಾಡಬೇಕು. ಹಿಂದೆ ಒಮ್ಮೆಯಾದರೂ ಭುಜದ ಕೀಲು ಜಾರಿದ್ದವರು ವೈದ್ಯರನ್ನು ಕೇಳದೆ ಬಾರಿಗೆ ಹೋಗಬಾರದು.

ಇನ್ನೊಂದು ದಾರಿ

ಎದೆಗೆ ಹೊರೆ ಸರಿಸಲು ಬಾಗುವುದೊಂದೇ ದಾರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜಿಮ್ ನಡೆಸುತ್ತಿದ್ದ ವಿನ್ಸ್ ಜಿರೊಂಡಾ (1917–1997) ಎಂಬ ತರಬೇತುದಾರರ ಡಿಪ್ಸ್ ಇದಕ್ಕೆ ಹೆಸರುವಾಸಿ. ಅವರು ಪಾದಗಳನ್ನು ಮುಂದಕ್ಕೆ ತರಿಸುತ್ತಿದ್ದರು, ಗದ್ದವನ್ನು ಎದೆಗೆ ಒತ್ತಿಸುತ್ತಿದ್ದರು, ಮೈಯನ್ನು ಕುಡುಗೋಲಿನಂತೆ ಬಳುಕಿಸುತ್ತಿದ್ದರು. ನಾನು ಮೇಲೆ ತಪ್ಪು ಎಂದದ್ದನ್ನೆಲ್ಲ ಅವರು ಮಾಡಿಸುತ್ತಿದ್ದರು, ಆದರೂ ಅದು ಎದೆಯ ಡಿಪ್ಸೇ.

ಗುಟ್ಟು ಬಾರಿನ ಅಗಲದಲ್ಲಿದೆ. ಅವರದು ಒಂದು ಕಡೆ ಅಗಲವಾಗುತ್ತ ಹೋಗುವ ಬಾರ್. ಅಗಲವಾದ ಕಡೆ ಹಿಡಿದು ಮೊಣಕೈಗಳನ್ನು ಪೂರ್ತಿ ಹೊರಕ್ಕೆ ತೆರೆದರೆ ರಟ್ಟೆ ಹಿಂದಕ್ಕೆ ಹೋಗುವ ಬದಲು ಪಕ್ಕಕ್ಕೆ ಹೋಗುತ್ತದೆ. ಆಗ ಮೇಲೇಳಲು ರಟ್ಟೆಗಳನ್ನು ಪಕ್ಕದಿಂದ ಮೈಯ ಕಡೆಗೆ ಒತ್ತಿ ತರಬೇಕು, ಅದೂ ಎದೆಯ ಸ್ನಾಯುವಿನ ಕೆಲಸವೇ. ಪಕ್ಕದಿಂದ ನೋಡುವ ನಮ್ಮ ಗೆರೆಗೆ ಇದು ಕಾಣುವುದಿಲ್ಲ, ಎದುರಿನಿಂದ ನೋಡಬೇಕು. ಆದರೆ ಅಷ್ಟು ಅಗಲದ ಹಿಡಿತ ಎಲ್ಲರ ಭುಜಕ್ಕೂ ಒಗ್ಗುವುದಿಲ್ಲ. ಸಾಮಾನ್ಯರಿಗೆ ಮೊಣಕೈಯಿಂದ ಬೆರಳ ತುದಿಯವರೆಗಿನ ಒಂದು ಮೊಳದಷ್ಟು ಅಗಲ ಸರಿಯಾದ ಅಳತೆ. ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಬಾರುಗಳ ನಡುವಿನ ಅಂತರವೂ 42ರಿಂದ 52 ಸೆಂ.ಮೀ. ಒಳಗೇ.

ಮೈ ಆಡುವ ಆಟ

ಇನ್ನು ಬಾರಿಗೇ ಹೊಸಬರಾದವರು ಬಾಗುವುದು, ನೆಟ್ಟಗಾಗುವುದು ಎರಡನ್ನೂ ಮರೆತು ಮೊದಲು ಮೇಲೆ ಕೈ ನೆಟ್ಟಗೆ ಮಾಡಿ, ಭುಜ ಕಿವಿಗೆ ತಾಗದಂತೆ ಕೆಳಕ್ಕೆ ಒತ್ತಿ 20–30 ಸೆಕೆಂಡ್ ನಿಲ್ಲುವುದನ್ನು ಕಲಿಯಲಿ. ಆಮೇಲೆ 4–5 ಸೆಕೆಂಡ್ ತೆಗೆದುಕೊಂಡು ನಿಧಾನ ಇಳಿದು, ಕಾಲು ನೆಲಕ್ಕೂರಿ ಮತ್ತೆ ಮೇಲೆ ಹತ್ತಲಿ. ನಿಧಾನವಾಗಿ ಇಳಿಯಬಲ್ಲವನಿಗೆ ಏಳುವ ಬಲ ತಾನಾಗಿ ಬರುತ್ತದೆ.

ಮಾಡಬಲ್ಲವರು ತಮ್ಮ ಕೊನೆಯ ಎರಡು ಸಲವನ್ನು ಗಮನಿಸಬೇಕು. ದಣಿದ ಮೈ ಯಾವಾಗಲೂ ಹೊರೆಯನ್ನು ಬಲ ಇರುವ ಕಡೆಗೆ ಸರಿಸುತ್ತದೆ. ನೆಟ್ಟಗೆ ಶುರು ಮಾಡಿದವನು ಏಳುವಾಗ ಮುಂದಕ್ಕೆ ಬೀಳುತ್ತಿದ್ದರೆ ಅವನ ಟ್ರೈಸೆಪ್ಸ್ ಸೋತಿದೆ, ಎದೆಯನ್ನು ಸಹಾಯಕ್ಕೆ ಕರೆಯುತ್ತಿದ್ದಾನೆ. ಬಾಗಿ ಶುರು ಮಾಡಿದವನು ಎದೆಯೆತ್ತಿ ಮೊಣಕೈಯನ್ನು ಹಿಂದಕ್ಕೆ ತಳ್ಳಿ ಏಳುತ್ತಿದ್ದರೆ ಅವನ ಎದೆ ಸೋತಿದೆ. ಯಾವ ಸ್ನಾಯು ಹಿಂದೆ ಬಿದ್ದಿದೆ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಡ.

ನನ್ನ ಸೋದರಳಿಯ ನೆಟ್ಟಗೆ ಒಂದೇ ಉಸಿರಿಗೆ 12 ಹೊಡೆಯುತ್ತಿದ್ದವನು, ಬಾಗಿ 8ಕ್ಕೇ ನಿಂತ. ಎರಡು ದಿನ ಬಿಟ್ಟು ಫೋನ್ ಮಾಡಿದ. ಎದೆಯ ಕೆಳಭಾಗ ನೋಯುತ್ತಿದೆ, ಭುಜದ ಚುಚ್ಚು ಇಲ್ಲ ಎಂದ. ಮುಂದಿನ ವಾರ ಮತ್ತೆ ವಿಡಿಯೊ ಕಳಿಸಿದ, “8 ಆಯ್ತು ಮಾವ” ಎಂದು. ನಾನು ಪರದೆಯ ಮೇಲೆ ಸ್ಕೇಲಿಟ್ಟು ನೋಡಿದೆ. ಆರನೆಯದರವರೆಗೆ ಮುಂಗೈ ಕಂಬದಂತಿತ್ತು. ಏಳು ಮತ್ತು ಎಂಟರಲ್ಲಿ ಹಿಂದಕ್ಕೆ ವಾಲಿತ್ತು, ಎದೆ ಎದ್ದಿತ್ತು, ಕಣ್ಣು ಕನ್ನಡಿಯ ಕಡೆ ಹೋಗಿತ್ತು.

“ಆರು,” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೂಂ ಮಾವ. ಆರು.”